ಕಿವಿ ಮಷಿನ್ನಿನ ಗಿರ್ರ್ ಸದ್ದಿನ ಮೂಲ

ಫೋನ್ ರಿಂಗ್ ಆಗುವ ಒಂದೆರಡು ಸೆಕೆಂಡ್ ಮೊದಲೇ ಕಿವಿ ಮಷಿನ್ನಿನಲ್ಲಿ ಗಿರ್ರ್ ಎಂಬ ಸದ್ದು ಶುರುವಾಗುತ್ತದೆ. ಕರೆ ಎತ್ತಿ ಫೋನನ್ನು ಕಿವಿಗೆ ಹಿಡಿದರೆ ಅದು ಇನ್ನೂ ಜೋರಾಗುತ್ತದೆ. ಆ ಕಡೆಯವರ ಮಾತು ಅದರೊಳಗೆ ಮುಳುಗಿಹೋಗುತ್ತದೆ. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಸೋದರಮಾವ ಇದನ್ನು ವರ್ಷಗಟ್ಟಲೆ ತಮ್ಮ ಮಷಿನ್ನಿನ ದೋಷ ಅಂದುಕೊಂಡಿದ್ದರು. "ಎದುರಿಗಿ ಕುಂತು ಮಾತಾಡಿದ್ರ ಎಲ್ಲಾ ಕೇಳ್ತೈತಿ. ಫೋನ್ ಹಚ್ಚಿದ್ರ ಮಾತ್ರ ಗಿರ್ರ್ ಅಂತೈತಿ" ಅನ್ನುತ್ತಿದ್ದರು. ಮಷಿನ್ ಸರಿಯಾಗಿಯೇ ಇತ್ತು. ಸದ್ದಿನ ಮೂಲ ಫೋನು ಮಾತನ್ನು ಕಳಿಸುವ ರೀತಿಯಲ್ಲಿತ್ತು.

ಮೊದಮೊದಲಿನ ಅನಲಾಗ್ ಮೊಬೈಲುಗಳಲ್ಲಿ ಈ ಕಾಟ ಇರಲಿಲ್ಲ. ಮಾತು ನಡೆಯುವಷ್ಟು ಹೊತ್ತು ಅವು ರೇಡಿಯೊ ಅಲೆಯನ್ನು ಒಂದೇ ಸಮನೆ, ಒಂದೇ ಬಲದಲ್ಲಿ ಕಳಿಸುತ್ತಿದ್ದವು. 1990ರ ದಶಕದ ಆರಂಭದಲ್ಲಿ ಜಿಎಸ್‌ಎಂ ಎಂಬ ಡಿಜಿಟಲ್ ಪದ್ಧತಿ ಬಂತು. ಅದು ಒಂದೇ ತರಂಗವನ್ನು ಎಂಟು ಜನರಿಗೆ ಹಂಚಿತು. ಒಬ್ಬೊಬ್ಬರ ಪಾಳಿ 0.577 ಮಿಲಿಸೆಕೆಂಡ್. ಎಂಟೂ ಪಾಳಿ ಮುಗಿದು ಮತ್ತೆ ನಮ್ಮದು ಬರಲು 4.615 ಮಿಲಿಸೆಕೆಂಡ್ ಬೇಕು. ಹಾಗಾಗಿ ನಮ್ಮ ಫೋನು ಸೆಕೆಂಡಿಗೆ ಸುಮಾರು 217 ಸಲ ಹತ್ತಿ ಆರುತ್ತದೆ.

900 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 90 ಕೋಟಿ ಕಂಪನ. ಅದನ್ನು ಯಾವ ಕಿವಿಯೂ ಕೇಳಲಾರದು. ಆದರೆ 217 ಹರ್ಟ್ಸ್ ಗಂಡಸರ ಮಾತಿನ ಸ್ವರಕ್ಕಿಂತ ತುಸು ಮೇಲಿರುವ, ಎಲ್ಲರಿಗೂ ಚೆನ್ನಾಗಿ ಕೇಳಿಸುವ ಶ್ರುತಿ. ಸಿಡ್ನಿಯ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್ 1993ರಲ್ಲಿ ಈ ಹೊಸ ಫೋನುಗಳು ಕಿವಿ ಮಷಿನ್ನುಗಳಿಗೆ ಕೊಡುವ ತೊಂದರೆಯ ಬಗ್ಗೆ ವರದಿ ಪ್ರಕಟಿಸಿತು. ಗಿರ್ರ್ ಸದ್ದಿನ ಶ್ರುತಿಯೂ ಫೋನು ಹತ್ತಿ ಆರುವ ಲಯವೂ ಒಂದೇ ಆಗಿದ್ದವು. ರೇಡಿಯೊ ಅಲೆ ಎಷ್ಟು ಬಲವಾಗಿದೆ ಎನ್ನುವುದಕ್ಕಿಂತ ಅದು ತುಂಡುತುಂಡಾಗಿ ಬರುತ್ತಿದೆ ಎನ್ನುವುದೇ ಮುಖ್ಯ ಕಾರಣ. ಈ ಇಡೀ ಕತೆಯಲ್ಲಿ ನನಗೆ ಹೆಚ್ಚು ಹಿಡಿಸುವ ಜಾಗ ಇದು.

ಮಷಿನ್ನಿನ ಒಳಗೆ ನಡೆಯುವುದು ಇಷ್ಟು. ಮೈಕಿನಿಂದ ಆಂಪ್ಲಿಫೈಯರಿಗೆ ಹೋಗುವ ಪುಟ್ಟ ತಂತಿಗಳು ಆಂಟೆನಾ ಆಗಿ ರೇಡಿಯೊ ಅಲೆಯನ್ನು ಹಿಡಿಯುತ್ತವೆ. ಮೊದಲ ಟ್ರಾನ್ಸಿಸ್ಟರಿಗೆ 90 ಕೋಟಿ ಕಂಪನಗಳ ಬೆನ್ನು ಹತ್ತುವ ಶಕ್ತಿಯಿಲ್ಲ. ಅದು ಅಲೆಯ ಏರಿಳಿತದ ಹೊರಗೆರೆಯನ್ನಷ್ಟೇ, ಅಂದರೆ ಹತ್ತಿ ಆರುವುದನ್ನಷ್ಟೇ, ಸದ್ದಾಗಿ ಮುಂದಕ್ಕೆ ದಾಟಿಸುತ್ತದೆ. ಆಂಪ್ಲಿಫೈಯರು ಅದನ್ನೂ ಮಾತೆಂದೇ ತಿಳಿದು ದೊಡ್ಡದು ಮಾಡುತ್ತದೆ. ಕಿವಿ ಹೆಚ್ಚು ಮಂದವಿದ್ದವರಿಗೆ ಹೆಚ್ಚು ಬಲದ ಮಷಿನ್ ಕೊಡುವುದರಿಂದ ಕಾಟವೂ ಅವರಿಗೇ ಹೆಚ್ಚು.

ಫೋನಿನ ಬಲವೂ ಸದಾ ಒಂದೇ ಇರುವುದಿಲ್ಲ. ಟವರ್ ಹತ್ತಿರವಿದ್ದರೆ ಜಿಎಸ್‌ಎಂ ಫೋನು ಕೆಲವೇ ಮಿಲಿವ್ಯಾಟ್‌ಗೆ ಇಳಿಯುತ್ತದೆ. ದೂರವಾದಂತೆ ಏರುತ್ತ 2 ವ್ಯಾಟ್‌ವರೆಗೆ ಹೋಗುತ್ತದೆ. ವಿಜಯಪುರದ ಪೇಟೆಯಲ್ಲಿ ಮಾವನಿಗೆ ಅಷ್ಟಾಗಿ ಕಾಡದ ಸದ್ದು ತಿಕೋಟಾದ ತೋಟದಲ್ಲೂ ಬಬಲೇಶ್ವರದ ಬೀಗರ ಹೊಲದಲ್ಲೂ ಜೋರಾಗುತ್ತಿದ್ದದ್ದು ಇದಕ್ಕೇ. ಫೋನನ್ನು ತುಸು ಸರಿಸಿದರೂ ದೊಡ್ಡ ವ್ಯತ್ಯಾಸವಾಗುತ್ತದೆ. ಅಂತರ ಎರಡು ಪಟ್ಟಾದರೆ ಟ್ರಾನ್ಸಿಸ್ಟರಿನಿಂದ ಹೊರಬರುವ ಗಿರ್ರ್ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಪರಿಹಾರ ಎರಡೂ ಕಡೆಯಿಂದ ಬರಬೇಕಿತ್ತು. ಮಷಿನ್ ಮಾಡುವವರು ತಂತಿಗಳನ್ನು ಮೊಟಕು ಮಾಡಿದರು, ಮೈಕಿನ ತುದಿಗೆ ಸಣ್ಣ ಕೆಪಾಸಿಟರ್ ಹಾಕಿದರು, ಕವಚದೊಳಗೆ ಲೋಹದ ಲೇಪ ಬಳಿದರು. ಫೋನುಗಳ ಕಡೆ ಕಾನೂನು ತಡವಾಗಿ ಬಂತು. ಅಮೆರಿಕದಲ್ಲಿ ಫೋನು ಕಿವಿ ಮಷಿನ್ನಿಗೆ ಹೊಂದಬೇಕೆಂಬ 1988ರ ಕಾಯ್ದೆ ಮೊಬೈಲುಗಳನ್ನು ಹೊರಗಿಟ್ಟಿತ್ತು. 2003ರಲ್ಲಿ ಆ ವಿನಾಯಿತಿಗೆ ಕತ್ತರಿ ಬಿತ್ತು. ಆ ಬಳಿಕ ಬಳಕೆಗೆ ಬಂದದ್ದು M1ರಿಂದ M4ರವರೆಗಿನ ಅಂಕ. ಫೋನಿನ ಅಂಕ ಮತ್ತು ಮಷಿನ್ನಿನ ಅಂಕ ಕೂಡಿದರೆ 4 ಬಂದರೆ ಹೇಗೋ ಮಾತಾಡಬಹುದು, 5 ಬಂದರೆ ಆರಾಮಾಗಿ ಮಾತಾಡಬಹುದು, 6 ಬಂದರೆ ಉತ್ತಮ ಎಂಬುದು ಅದರ ಲೆಕ್ಕವಾಗಿತ್ತು.

M ಅಂಕದ ಜೊತೆಗೇ ಒಂದು T ಅಂಕವೂ ಇತ್ತು. ಅನೇಕ ಮಷಿನ್ನುಗಳಲ್ಲಿ T ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ಬದಲು ಟೆಲಿಕಾಯಿಲ್ ಎಂಬ ಪುಟ್ಟ ತಂತಿಸುರುಳಿ ಕೆಲಸಕ್ಕೆ ಬರುತ್ತದೆ. ಹಳೆಯ ಲ್ಯಾಂಡ್‌ಲೈನ್ ರಿಸೀವರಿನಿಂದ ಮಾತಿನ ಜೊತೆಗೆ ಅದೇ ಲಯದ ಕಾಂತಕ್ಷೇತ್ರವೂ ಸೋರುತ್ತಿತ್ತು. ಸುರುಳಿ ಅದನ್ನು ಹಿಡಿಯುತ್ತಿದ್ದುದರಿಂದ ಸುತ್ತಲಿನ ಗದ್ದಲ ಕಿವಿಗೆ ಬರುತ್ತಲೇ ಇರಲಿಲ್ಲ. ಮೊಬೈಲಿನಲ್ಲಿ ಮಾತ್ರ ಇದಕ್ಕೂ ಒಂದು ತೊಡಕು ಬಂತು. ಫೋನು ಪಾಳಿಗೊಮ್ಮೆ ಬ್ಯಾಟರಿಯಿಂದ ಕರೆಂಟು ಎಳೆದುಕೊಳ್ಳುತ್ತದೆ. ಆ ಕರೆಂಟೇ 217 ಹರ್ಟ್ಸಿನ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಇದು ರೇಡಿಯೊ ಅಲೆಯದಲ್ಲದ ಎರಡನೇ ದಾರಿ, ಕೆಪಾಸಿಟರಿಗೂ ಲೋಹದ ಲೇಪಕ್ಕೂ ಬಗ್ಗುವಂಥದಲ್ಲ. ಹಾಗಾಗಿಯೇ ಅಂಕಗಳು ಎರಡಾದವು.

ಯಾವ ದಾರಿಯಿಂದ ಕಾಟ ಬರುತ್ತಿದೆ ಎಂದು ಮನೆಯಲ್ಲೇ ನೋಡಬಹುದು. ಮಾವನ ಮಷಿನ್ನನ್ನು ಮೊದಲು ಮೈಕಿಗಿಟ್ಟೆವು. ಗಿರ್ರ್ ಬಂತು. Tಗೆ ಹಾಕಿದಾಗಲೂ ಬಂತು, ಆದರೆ ಫೋನನ್ನು ಅಂಗೈಯಲ್ಲಿ ಓರೆ ಮಾಡಿದಂತೆ ಸದ್ದು ಏರಿಳಿಯಿತು. ಹಾಗೆ ಓರೆಗೆ ತಕ್ಕಂತೆ ಬದಲಾದರೆ ಬ್ಯಾಟರಿ ಕರೆಂಟಿನ ಮೇಲೆ ಅನುಮಾನ ಪಡಬಹುದು. ಕರೆಯೇ ಇಲ್ಲದಾಗಲೂ ಗೋಡೆಯ ಬಳಿ ಹೋದರೆ ಹಮ್ ಎಂಬ ತಗ್ಗಿನ ಸದ್ದು ಬಂದರೆ ಅದು ವೈರಿಂಗಿನ 50 ಹರ್ಟ್ಸು, ಫೋನಿಗೂ ಅದಕ್ಕೂ ಸಂಬಂಧವಿಲ್ಲ.

ಅವರ ಕೀಪ್ಯಾಡ್ ಫೋನು 2ಜಿಯಲ್ಲೇ ಕರೆ ಮಾಡುತ್ತಿತ್ತು. ಅದನ್ನು ಬದಲಿಸಿ 4ಜಿ ಫೋನ್ ಕೊಟ್ಟೆವು. ಮೇಲಿನ ಪಟ್ಟಿಯಲ್ಲಿ VoLTE ಎಂದು ಬಂದಾಗ ಗಿರ್ರ್ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. 4ಜಿ ಫೋನಿನ ಗರಿಷ್ಠ ಬಲ ಸುಮಾರು 0.2 ವ್ಯಾಟ್, ಜಿಎಸ್‌ಎಂನ ಹತ್ತನೇ ಒಂದು ಭಾಗ. ಇನ್ನೊಂದು ವಿಷಯ: ಕಿವಿಯ ಹಿಂದೆ ಕೂರುವ ಮಷಿನ್ನಿನ ಮೈಕು ಕಿವಿಯ ಮೇಲ್ತುದಿಯ ಹತ್ತಿರವಿರುತ್ತದೆ. ಮಾವ ಎಲ್ಲರಂತೆ ಫೋನನ್ನು ಕಿವಿಯ ತೂತಿಗೆ ಹಿಡಿಯುತ್ತಿದ್ದರು. ಎರಡು ಬೆರಳಷ್ಟು ಮೇಲಕ್ಕೆತ್ತಿ ಹಿಡಿದಾಗ ಮಾತು ಸ್ಪಷ್ಟವಾಯಿತು.

ಇಷ್ಟರ ಮೇಲೂ ಅರ್ಥವಾಗದ ಕರೆಗಳಿಗೆ ಮಾತನ್ನು ಅಕ್ಷರ ಮಾಡುವ ದಾರಿ ಇದೆ. ಚಿಕ್ಕಂದಿನಲ್ಲೇ ಕಿವುಡರಾದ ಗೂಗಲ್ ವಿಜ್ಞಾನಿ ದಿಮಿತ್ರಿ ಕಾನೆವ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ Live Transcribe 2019ರ ಫೆಬ್ರುವರಿಯಲ್ಲಿ ಹೊರಬಂತು. ಕನ್ನಡವೂ ಅದರಲ್ಲಿದೆ. ತುಸು ಹೊತ್ತು ಮೌನವಿದ್ದು ಯಾರಾದರೂ ಮತ್ತೆ ಮಾತಾಡಿದರೆ ಫೋನು ನಡುಗಿ ತಿಳಿಸುವಂತೆಯೂ ಇಟ್ಟುಕೊಳ್ಳಬಹುದು. ಕರೆ ನಡೆಯುತ್ತಿರುವ ಫೋನಿನಲ್ಲೇ ಆ್ಯಪಿಗೆ ಮೈಕು ಸಿಗುವುದಿಲ್ಲ. ಮಾವ ಕರೆಯನ್ನು ಸ್ಪೀಕರಿಗೆ ಹಾಕಿ, ಮೊಮ್ಮಗಳ ಫೋನನ್ನು ಪಕ್ಕದಲ್ಲಿಟ್ಟು ಓದುತ್ತಾರೆ. ಆ ಪರದೆಯ ಮೂಲೆಯಲ್ಲಿ ಒಂದರೊಳಗೊಂದು ಎರಡು ವೃತ್ತಗಳಿವೆ. ಸುತ್ತಲಿನ ಗದ್ದಲದ ವೃತ್ತಕ್ಕಿಂತ ಮಾತಿನ ವೃತ್ತ ದೊಡ್ಡದಾಗಿರಬೇಕು. ಪಂಪ್‌ಸೆಟ್ ಓಡುವಾಗ ಎರಡೂ ಸಮವಾಗುತ್ತವೆ, ಸಾಲುಗಳು ಕಲಸಿಹೋಗುತ್ತವೆ. "ಬರಾಕತ್ತೀನ್ರಿ" ಅಂದದ್ದು ಒಮ್ಮೊಮ್ಮೆ ಬೇರೇನೋ ಆಗಿ ಬರುತ್ತದೆ. ದರ, ತೂಕ, ತಾರೀಖುಗಳನ್ನು ಅವರು ಇನ್ನೊಮ್ಮೆ ಹೇಳಿಸಿಯೇ ಬರೆದುಕೊಳ್ಳುತ್ತಾರೆ. ಮಾತು ಕನ್ನಡದ ಅಕ್ಷರವಾಗಲು ಆ ಎರಡನೇ ಫೋನಿಗೆ ಇಂಟರ್‌ನೆಟ್ ಬೇಕು. ಟವರ್ ದೂರವಿರುವ ತೋಟದ ತುದಿಯಲ್ಲಿ ಸಾಲುಗಳು ತಡವಾಗಿ ಬರುತ್ತವೆ, ಹಾಗಾಗಿ ದ್ರಾಕ್ಷಿ ವ್ಯಾಪಾರದ ಕರೆಗಳನ್ನು ಮಾವ ಊರೊಳಗಿನ ಮನೆಗೆ ಬಂದೇ ಮಾಡುತ್ತಾರೆ.