ಫೋಟೊದಲ್ಲಿ ಬಾರದ ಸಾಲು

ಪಿಯುಸಿ ಮಕ್ಕಳು ರಾತ್ರಿ ಹೊತ್ತು ಮೇಷ್ಟ್ರಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಪ್ರಶ್ನೆಯ ಫೋಟೊಗಳಲ್ಲಿ ಇಂಥದ್ದೊಂದು ಇರುತ್ತದೆ: ‘ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದ ಕಲ್ಲು ನೆಲ ಮುಟ್ಟಲು ಎಷ್ಟು ಸೆಕೆಂಡು ಬೇಕು? (g = 10)’. ಕೆಳಗೆ A 2, B 3, C 4. ಅಷ್ಟಕ್ಕೇ ಫೋಟೊ ಮುಗಿದಿದೆ.

ಲೆಕ್ಕ ಸುಲಭ. ಮೇಲೇರಲು 2 ಸೆಕೆಂಡು, ಇಳಿಯಲು 2 ಸೆಕೆಂಡು, ಒಟ್ಟು 4. C ಇದ್ದೇ ಇದೆಯಲ್ಲ ಎಂದು ಉತ್ತರ ಟೈಪಿಸಿಬಿಟ್ಟರೆ ಅಲ್ಲೇ ಎಡವಟ್ಟು. D ಇಲ್ಲ ಎನ್ನುವುದು ಎಲ್ಲರಿಗೂ ಕಾಣುತ್ತದೆ. ಮೇಲಿನ ಸಾಲೂ ಹೋಗಿದೆ ಎನ್ನುವುದು ಕಾಣುವುದಿಲ್ಲ, ಏಕೆಂದರೆ ಉಳಿದ ವಾಕ್ಯ ತನ್ನಷ್ಟಕ್ಕೆ ಪೂರ್ತಿಯಾಗಿಯೇ ಓದಿಸಿಕೊಳ್ಳುತ್ತದೆ. ಗುರುತು ಎರಡಿವೆ. ಪ್ರಶ್ನೆ ಸಂಖ್ಯೆ ಎಲ್ಲೂ ಇಲ್ಲ. ಫೋಟೊದ ಮೇಲಂಚಿನಲ್ಲಿ ಒತ್ತಕ್ಷರಗಳ ಬಾಲದಂಥ ಕಪ್ಪು ಚೂರುಗಳು ಉಳಿದಿವೆ. ಆ ಸಾಲಿನಲ್ಲಿ ‘25 ಮೀಟರ್ ಎತ್ತರದ ಗೋಪುರದ ತುದಿಯಿಂದ’ ಎಂದಿದ್ದರೆ? 4ನೇ ಸೆಕೆಂಡಿಗೆ ಕಲ್ಲು ತುದಿಯ ಮಟ್ಟಕ್ಕೆ ಬರುತ್ತದೆ, ಅದೇ 20ರ ವೇಗದಲ್ಲಿ ಇನ್ನೊಂದು ಸೆಕೆಂಡು ಇಳಿದರೆ 20 + 5 = 25 ಮೀಟರ್. ಉತ್ತರ 5. ಅದು ಕಾಣದ D ಆಗಿರಬಹುದು. ಬಂದ ಉತ್ತರ ಆಯ್ಕೆಗಳಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಪ್ರಶ್ನೆ ಪೂರ್ತಿಯಾಗಿದೆ ಎಂದಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಹುಡುಗನ ತಲೆಗೆ ಕಟ್ಟಬೇಡಿ. ಉದ್ದನೆಯ ಫೋಟೊವನ್ನು ವಾಟ್ಸಾಪ್ ಚಾಟ್‌ನಲ್ಲಿ ಮೊಟಕು ಮಾಡಿಯೇ ತೋರಿಸುತ್ತದೆ. ಮೊದಲು ಅದನ್ನು ಒತ್ತಿ ಪೂರ್ತಿ ತೆರೆದು ನೋಡಿ. ಆಯ್ಕೆಗಳು ಎರಡು ಕಾಲಂನಲ್ಲಿದ್ದು A ಆದ ಮೇಲೆ ನೇರ C ಬಂದರೆ ಬಲಭಾಗ ಕತ್ತರಿಸಿದೆ ಎಂದರ್ಥ.

ಅಡ್ಡ ತಿರುಗಿದ ನಕ್ಷೆಯದು ಇನ್ನೊಂದು ತಂಟೆ. ಕಾಲ–ದೂರದ ನಕ್ಷೆ ಪಕ್ಕಕ್ಕೆ ಮಲಗಿದರೆ ಕಡಿದಾದ ಗೆರೆ ಓರೆಯಾಗಿ, ವೇಗದ ಬಸ್ಸು ನಿಧಾನದ್ದಾಗಿ ಕಾಣುತ್ತದೆ. ‘ದೂರ’ ಎಂಬ ಪದ ನೆಟ್ಟಗೆ ಕಂಡಿತೆಂದು ನಂಬಬಾರದು, ನಿಂತ ಅಕ್ಷದ ಹೆಸರನ್ನು ಎಷ್ಟೋ ಸಲ ಅಡ್ಡಲಾಗಿಯೇ ಅಚ್ಚು ಹಾಕಿರುತ್ತಾರೆ. ಪ್ರಶ್ನೆಯ ವಾಕ್ಯ ಓದಲು ಬರುವಂತೆ ತಿರುಗಿಸಿಕೊಳ್ಳಿ.

ಇನ್ನು ಉತ್ತರ. ‘ಫೋಟೊ ಸರಿಯಿಲ್ಲ’ ಎಂದಷ್ಟೇ ಬರೆದರೆ ಹುಡುಗ ಅದೇ ಫೋಟೊವನ್ನು ಮತ್ತೊಮ್ಮೆ ಕಳಿಸುತ್ತಾನೆ. ‘ನೋಡಪ್ಪ, ಪ್ರಶ್ನೆ ಸಂಖ್ಯೆಯಿಂದ D ಆಯ್ಕೆಯ ತನಕ ಎಲ್ಲ ಬರುವ ಹಾಗೆ ತೆಗೆದು ಕಳಿಸು. ನೆಲದಿಂದಲೇ ಎಸೆದಿದ್ದರೆ 4 ಸೆಕೆಂಡು. ಎತ್ತರದಿಂದ ಎಸೆದಿದ್ದರೆ ಅದಕ್ಕಿಂತ ಹೆಚ್ಚು, ಎತ್ತರ ಎಷ್ಟೆಂದು ಹೇಳು’ ಎಂದು ಬರೆದರೆ ಅವನ ಕೆಲಸ ಅರ್ಧ ಆದಂತೆಯೇ. ಪುಸ್ತಕದಲ್ಲೇ D ಅಚ್ಚಾಗಿಲ್ಲ ಎಂದರೆ 4 ಎಂದೋ 5 ಎಂದೋ ಬೆಲೆಯನ್ನೇ ಹೇಳಿ. ಕಾಣದ ಆಯ್ಕೆಗೆ ಉತ್ತರ D ಎನ್ನಬೇಡಿ. ಅಲ್ಲಿ ‘ಇವು ಯಾವುವೂ ಅಲ್ಲ’ ಎಂದೂ ಇದ್ದೀತು.