ಜಾಗ ನಮ್ಮದು, ಕಟ್ಟಡ ಬಿಲ್ಡರ್‌ದು: ಜಂಟಿ ಒಪ್ಪಂದದ ತಪ್ಪು ಕಲ್ಪನೆಗಳು

ತಪ್ಪು ಕಲ್ಪನೆ: ಫ್ಲಾಟ್ ತಗೊಂಡರೂ ದುಡ್ಡು ತಗೊಂಡರೂ ನಮ್ಮ ಪಾಲಿನ ನಲವತ್ತು ಪರ್ಸೆಂಟ್ ನಲವತ್ತೇ.

ವಾಸ್ತವ: ಬೆಂಗಳೂರಿನ ಅಂಚಿನಲ್ಲಿ ಒಬ್ಬರಿಗೆ 10 ಗುಂಟೆ ಇದೆ ಎಂದುಕೊಳ್ಳಿ. ಅಲ್ಲಿ ಮಾರಾಟಕ್ಕೆ ಸಿಗುವ ಕಟ್ಟಡ 20,000 ಚದರಡಿ, ದರ ಚದರಡಿಗೆ 7,000 ರೂಪಾಯಿ. ವಿಸ್ತೀರ್ಣ ಹಂಚಿಕೆಯಲ್ಲಿ ಮಾಲೀಕರಿಗೆ 8,000 ಚದರಡಿ, ಆದಾಯ ಹಂಚಿಕೆಯಲ್ಲಿ 14 ಕೋಟಿಯಲ್ಲಿ 5.6 ಕೋಟಿ. ಕಾಗದದ ಮೇಲೆ ಎರಡೂ ಸಮ. ಆದರೆ ಪಾರ್ಕಿಂಗ್, ಕ್ಲಬ್‌ಹೌಸ್, ಮೇಲಿನ ಮಹಡಿಯ ಹೆಚ್ಚುವರಿ ದರವನ್ನು ‘ಆದಾಯ’ದ ವ್ಯಾಖ್ಯೆಯಿಂದ ಹೊರಗಿಟ್ಟರೆ, ಬಿಲ್ಡರ್ ಫ್ಲಾಟಿನ ಬೆಲೆ ಇಳಿಸಿ ಆ ಬಾಬ್ತುಗಳಲ್ಲಿ ವಸೂಲು ಮಾಡಬಹುದು. ದರ ಸಾವಿರ ರೂಪಾಯಿ ಇಳಿದರೆ ಮಾಲೀಕರ ಪಾಲಿನಿಂದ 80 ಲಕ್ಷ ಹೋಯಿತು. ಆದ್ದರಿಂದ ಗ್ರಾಹಕ ಕೊಡುವ ಪ್ರತಿ ರೂಪಾಯಿಯೂ (ತೆರಿಗೆ ಬಿಟ್ಟು) ಆದಾಯವೇ ಎಂದು ಬರೆಸಬೇಕು, ಕನಿಷ್ಠ ಮಾರಾಟ ದರವನ್ನೂ ನಮೂದಿಸಬೇಕು. ವಿಸ್ತೀರ್ಣ ಹಂಚಿಕೆಯಾದರೆ ನಕ್ಷೆ ಮಂಜೂರಾದ ಕೂಡಲೇ ಯಾವ ಫ್ಲಾಟ್ ಯಾರದ್ದು ಎಂದು ನಂಬರ್ ಸಮೇತ ಹಂಚಿಕೆ ಕರಾರು ಆಗಬೇಕು. ಇಲ್ಲದಿದ್ದರೆ ಒಳ್ಳೆಯ ಮೂಲೆಯ ಫ್ಲಾಟುಗಳೆಲ್ಲ ಬಿಲ್ಡರ್ ಪಾಲಾಗುತ್ತವೆ.

ತಪ್ಪು ಕಲ್ಪನೆ: ಆದಾಯ ಹಂಚಿಕೆಯಲ್ಲಿ ಬುಕಿಂಗ್ ಆದ ದಿನವೇ ನಮ್ಮ ಪಾಲು ಕೈಗೆ ಬರುತ್ತದೆ.

ವಾಸ್ತವ: ರೇರಾ ಪ್ರಕಾರ ಗ್ರಾಹಕರಿಂದ ಬಂದ ಹಣದ ಶೇ. 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ಅದನ್ನು ಕಾಮಗಾರಿ ಮುಂದುವರಿದಷ್ಟೇ, ಅದೂ ಜಾಗ ಮತ್ತು ನಿರ್ಮಾಣದ ವೆಚ್ಚಕ್ಕಷ್ಟೇ ತೆಗೆಯಬಹುದು. ಉಳಿದ 30ರಲ್ಲಿ ನಿಮ್ಮ 40 ಎಲ್ಲಿಂದ ಬರಬೇಕು? ಕೆಲಸ ನಿಧಾನವಾದರೆ ನಿಮ್ಮ ಹಣವೂ ನಿಧಾನ. ಹಾಗಿದ್ದೂ ಯೋಜನೆ ಅರ್ಧಕ್ಕೆ ನಿಂತರೆ ಆದಾಯ ಹಂಚಿಕೆಯವರ ಕೈಗೆ ಒಂದಷ್ಟಾದರೂ ಬಂದಿರುತ್ತದೆ, ವಿಸ್ತೀರ್ಣ ಹಂಚಿಕೆಯವರಿಗೆ ಉಳಿಯುವುದು ಅಸ್ಥಿಪಂಜರದಂಥ ಕಟ್ಟಡ.

ತೆರಿಗೆಯ ಲೆಕ್ಕವೂ ಬೇರೆ. ವ್ಯಕ್ತಿಗಳಿಗೆ ಮತ್ತು ಅವಿಭಕ್ತ ಹಿಂದೂ ಕುಟುಂಬಗಳಿಗೆ ಬಂಡವಾಳ ಲಾಭ ತೆರಿಗೆಯನ್ನು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬರುವ ವರ್ಷಕ್ಕೆ ಮುಂದೂಡುವ ಸವಲತ್ತು 2017ರಲ್ಲಿ ಬಂತು. ಅದು ಹೇಳುವುದು ಜಾಗ ಅಥವಾ ಕಟ್ಟಡದಲ್ಲಿ ಪಾಲು ಪಡೆಯುವವರ ಬಗ್ಗೆ. ಬರೀ ಹಣ ಪಡೆಯುವವರು ಅದನ್ನು ನೆಚ್ಚಿ ಕೂರಬಾರದು.

ತಪ್ಪು ಕಲ್ಪನೆ: ಜಾಗ ಕೊಟ್ಟೆವಷ್ಟೇ, ಖರೀದಿದಾರರ ಜಗಳ ಬಿಲ್ಡರ್‌ಗೆ ಸೇರಿದ್ದು.

ವಾಸ್ತವ: ಕಟ್ಟುವವರು, ಮಾರುವವರು ಬೇರೆ ಬೇರೆಯಾಗಿದ್ದರೂ ಇಬ್ಬರೂ ಪ್ರವರ್ತಕರು, ಇಬ್ಬರೂ ಜವಾಬ್ದಾರರು ಎನ್ನುತ್ತದೆ ರೇರಾ ಕಾಯ್ದೆ. ನಿಮ್ಮ ಪಾಲಿನ ಫ್ಲಾಟನ್ನು ನೀವೇ ಮಾರಿದ್ದರೆ ವಿಳಂಬದ ಬಡ್ಡಿ ಕೇಳಿ ನೋಟಿಸ್ ನಿಮ್ಮ ಮನೆಗೂ ಬರಬಹುದು.

ಇದಕ್ಕಿಂತ ದೊಡ್ಡ ಅಪಾಯ ಜಿಪಿಎಯಲ್ಲಿದೆ. ಇಡೀ ಜಾಗವನ್ನು ಅಡವಿಡುವ ಅಧಿಕಾರ ಅದರಲ್ಲಿದ್ದರೆ, ಬಿಲ್ಡರ್ ಕಟ್ಟದ ಸಾಲಕ್ಕೆ ಬ್ಯಾಂಕ್ ನಿಮ್ಮ ಪಾಲಿನ ಮೇಲೂ ಬರುತ್ತದೆ. ಅಧಿಕಾರ ಬಿಲ್ಡರ್ ಪಾಲಿನ ಶೇ. 60ಕ್ಕೆ ಮಾತ್ರ ಇರಲಿ. ನಿಮ್ಮ ಫ್ಲಾಟುಗಳು ಓಸಿ ಸಮೇತ ಕೈಸೇರುವವರೆಗೆ ಅವರ ಪಾಲಿನ ಕೊನೆಯ ಕೆಲವು ಫ್ಲಾಟುಗಳ ನೋಂದಣಿ ತಡೆಹಿಡಿಯುವ ಷರತ್ತೂ ಇರಲಿ. ಇವೆರಡನ್ನೂ ಒಪ್ಪದ ಬಿಲ್ಡರ್‌ಗೆ ದಯವಿಟ್ಟು ಸಹಿ ಹಾಕಿಕೊಡಬೇಡಿ.