ಸೋಲಾರ್ ಪಂಪ್‌ಗೆ ಎಷ್ಟು ಪ್ಯಾನೆಲ್ ಬೇಕು?

ಸೋಲಾರ್ ಪಂಪ್‌ನ ಲೆಕ್ಕ ಶುರುವಾಗುವುದು ನೀರಿನ ಮಟ್ಟದಿಂದ. ಕೊಳವೆಬಾವಿ ಎಷ್ಟು ಅಡಿ ಕೊರೆದಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಪಂಪ್ ಓಡುತ್ತಿರುವಾಗ ನೀರು ಎಷ್ಟು ಆಳಕ್ಕೆ ಇಳಿದು ನಿಲ್ಲುತ್ತದೆ ಎಂಬುದೇ ಮುಖ್ಯ.

ಉದಾಹರಣೆಗೆ, ಆ ಮಟ್ಟ 60 ಮೀಟರ್ ಆಳದಲ್ಲಿದೆ ಎನ್ನಿ. ತೊಟ್ಟಿಯ ಎತ್ತರ 4 ಮೀಟರ್. ಪೈಪಿನೊಳಗಿನ ಘರ್ಷಣೆಗೆ 6 ಮೀಟರ್ ಸೇರಿಸಿದರೆ ನೀರೆತ್ತುವ ಒಟ್ಟು ಎತ್ತರ 70 ಮೀಟರ್ ಆಗುತ್ತದೆ. ತೋಟಕ್ಕೆ ದಿನಕ್ಕೆ 40,000 ಲೀಟರ್ ಬೇಕು. ಒಳ್ಳೆಯ ಬಿಸಿಲು ದಿನಕ್ಕೆ ಸುಮಾರು 5 ಗಂಟೆಗೆ ಸಮವೆಂದು ಹಿಡಿದರೆ ಗಂಟೆಗೆ 8,000 ಲೀಟರ್ ಎತ್ತಬೇಕು. ಕೊಳವೆಬಾವಿಯ ಇಳುವರಿ ಇದಕ್ಕಿಂತ ಹೆಚ್ಚಿರಬೇಕು. ಇಲ್ಲವಾದರೆ ಮಧ್ಯಾಹ್ನ ನೀರಿನ ಜೊತೆ ಗಾಳಿ ಬಂದು, ಧಾರೆ ತಡೆತಡೆದು ಬೀಳುತ್ತದೆ.

ಒಂದು ಘನ ಮೀಟರ್, ಅಂದರೆ 1,000 ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 2.725 ವ್ಯಾಟ್-ಗಂಟೆ ಶಕ್ತಿ ಬೇಕು. ಹೀಗಾಗಿ:

```
40 × 70 × 2.725 = 7,630
7,630 ÷ 0.45 ≈ 17,000
17,000 ÷ (5 × 0.75) ≈ 4,530
```

ಪಂಪ್ ಮತ್ತು ಮೋಟಾರ್ ಸೇರಿ ಸುಮಾರು 45% ಶಕ್ತಿಯನ್ನಷ್ಟೇ ನೀರೆತ್ತಲು ಬಳಸುತ್ತವೆ ಎಂದು ಎರಡನೇ ಸಾಲಿನಲ್ಲಿ ಹಿಡಿಯಲಾಗಿದೆ. ಬಿಸಿ, ದೂಳು ಮತ್ತು ತಂತಿಯ ನಷ್ಟ ಕಳೆದು ಪ್ಯಾನೆಲ್ಲಿನಿಂದ 75% ದಕ್ಕುತ್ತದೆ ಎಂಬುದು ಮೂರನೆಯ ಸಾಲಿನ ಲೆಕ್ಕ. ಕೊನೆಗೆ ಸಿಕ್ಕಿದ್ದು 4,530 ವ್ಯಾಟ್. 540 ವ್ಯಾಟಿನ 9 ಪ್ಯಾನೆಲ್ ಹಾಕಿದರೆ 4,860 ವ್ಯಾಟ್ ಆಗಿ ಸ್ವಲ್ಪ ಉಳಿಯುತ್ತದೆ.

ಬೇಸಿಗೆಯಲ್ಲಿ ನೀರು 90 ಮೀಟರ್‌ಗೆ ಇಳಿದರೆ ಒಟ್ಟು ಎತ್ತರ 100 ಮೀಟರ್ ಆಗುತ್ತದೆ. ಆಗ ಇದೇ ಪ್ಯಾನೆಲ್‌ಗಳಿಂದ ಹೆಚ್ಚೆಂದರೆ 30,000 ಲೀಟರ್ ಸಿಗಬಹುದು. ಆದ್ದರಿಂದ ಅಳತೆಯನ್ನು ಏಪ್ರಿಲ್-ಮೇ ತಿಂಗಳಲ್ಲಿ ತೆಗೆದುಕೊಳ್ಳಬೇಕು.